ಸ್ಪಾಂಜಿನ ದಿಂಬು, ಸೀಮೆಸುಣ್ಣದ ಪುಡಿ: ಸ್ತನ ಸ್ವಪರೀಕ್ಷೆ ಕಲಿಸಿದ ನನ್ನ ಅನುಭವ

ಚಾರ್ಟು ಹಿಡಿದು ಸ್ವಪರೀಕ್ಷೆ ಕಲಿಸುವುದನ್ನು ಬಿಟ್ಟು ಎರಡು ವರ್ಷದ ಮೇಲಾಯಿತು. ಚಾರ್ಟು ನೋಡಿದಾಗ ಎಲ್ಲರೂ ತಲೆಯಾಡಿಸುತ್ತಾರೆ. ಮಾಡಿ ತೋರಿಸಿ ಅಂದರೆ ಹೆಬ್ಬೆರಳು, ತೋರುಬೆರಳು ಸೇರಿಸಿ ಅಲ್ಲಲ್ಲಿ ಹಿಸುಕುತ್ತಾರೆ. ಹಾಗೆ ಹಿಸುಕಿದರೆ ಯಾರ ಸ್ತನದಲ್ಲಾದರೂ ಗಂಟಿದ್ದ ಹಾಗೇ ಅನಿಸುತ್ತದೆ. ಶಿಬಿರ ಮುಗಿದ ವಾರ ಇಲ್ಲದ ಗಂಟಿಗೆ ಹೆದರಿದವರು ಒಪಿಡಿಗೆ ಬರುತ್ತಾರೆ, ಬೈಗುಳ ಸಿಸ್ಟರ್‌ಗಳಿಗೆ.

ಮುಟ್ಟಿ ಕಲಿಯಲು ಒಂದು ಮಾದರಿ ಬೇಕಿತ್ತು. ಸಿಲಿಕಾನಿನದು ತರಿಸಲು ಸಾವಿರಗಟ್ಟಲೆ ಬೇಕು, ಅಷ್ಟು ದುಡ್ಡು ಯಾವ ಖಾತೆಯಲ್ಲೂ ಇರಲಿಲ್ಲ. ಮೊದಲು ಮೈದಾ ಹಿಟ್ಟು ನಾದಿ ನೋಡಿದೆ, ಎರಡನೇ ದಿನಕ್ಕೆ ಹುಳಿವಾಸನೆ. ಚೈನಾ ಗ್ರಾಸ್ ಕುದಿಸಿ ಬಟ್ಟಲಲ್ಲಿ ಹೆಪ್ಪುಗಟ್ಟಿಸಿದೆ, ಆಳಕ್ಕೆ ಒತ್ತಿದ ಕೂಡಲೇ ಸೀಳಿತು. ಜೆಲಾಟಿನ್ ಮುಟ್ಟಿದರೆ ನಿಜವಾದ ಸ್ತನದ ಹಾಗೇ ಇತ್ತು, ಆದರೆ ಏಪ್ರಿಲ್ ಬಿಸಿಲಿನಲ್ಲಿ ಅಂಗನವಾಡಿ ತಲುಪುವಷ್ಟರಲ್ಲಿ ಪಾಯಸವಾಗಿತ್ತು. ಇವುಗಳಿಗೇ ಕೈಯಿಂದ ಸುಮಾರು ಎಂಟುನೂರು ರೂಪಾಯಿ ಹೋಯಿತು.

ಕೊನೆಗೆ ನಿಂತದ್ದು ಸ್ಪಾಂಜಿನ ದಿಂಬು. ಒಂದು ಅಡಿ ಚೌಕದ ಪ್ಲೈವುಡ್ ಮೇಲೆ ಬೆರಳಗಲ ಸಂದು ಬಿಟ್ಟು ನಾಲ್ಕು ಬಿದಿರಿನ ಪಟ್ಟಿ ಅಂಟಿಸಿ. ಅವೇ ಪಕ್ಕೆಲುಬು. ಮೊದಲ ದಿಂಬಿಗೆ ಇವನ್ನು ಹಾಕದೆ ಕೆಟ್ಟೆ: ಅದರಲ್ಲಿ ಚೆನ್ನಾಗಿ ಕಲಿತವರೇ ತಮ್ಮ ಮೈಮೇಲೆ ಪಕ್ಕೆಲುಬನ್ನು ಗಂಟು ಅಂದರು. ಪಟ್ಟಿಗಳ ಮೇಲೆ ಮೆತ್ತನೆಯ ಸ್ಪಾಂಜು ಎರಡು ಪದರ, ನಡುವೆ ಹಿಂಜಿದ ಹತ್ತಿ, ಮೇಲೆ ಕಪ್ಪು ಬನಿಯನ್ ಬಟ್ಟೆ. ಒಂದು ಮೂಲೆಯನ್ನು ಕಂಕುಳಿನ ಕಡೆಗೆ ಬಾಲದ ಹಾಗೆ ಉದ್ದ ಬಿಡಬೇಕು. ಬಟ್ಟೆಯ ಕೆಳಗೇ ಒಂದು ಹುರುಳಿಕಾಳು, ಪದರಗಳ ನಡುವೆ ಒಣ ಅವರೆಕಾಳು, ಬಾಲದ ಬುಡದಲ್ಲಿ ಬಿದಿರಿಗೆ ಅಂಟಿದಂತೆ ಒಂದು ಗೋಲಿ. ಇನ್ನೊಂದು ಅವರೆಕಾಳನ್ನು ಎಣ್ಣೆ ಸವರಿದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟರೆ ಬೆರಳಿಗೆ ಸಿಕ್ಕೂ ಜಾರುತ್ತದೆ, ಫೈಬ್ರೋಅಡಿನೋಮಾ ಎಂಬ ನಿರುಪದ್ರವಿ ಗಂಟು ಜಾರುವ ಹಾಗೆ. ಗೋಲಿಯ ಮೇಲಿನ ಬಟ್ಟೆ ಕೈಯೆತ್ತಿದಾಗ ಮಾತ್ರ ಗುಳಿ ಬೀಳುವಂತೆ ಒಂದು ಹೊಲಿಗೆ ಹಾಕುತ್ತೇನೆ. ಅದನ್ನು ಮಾತ್ರ ಬರೆದು ತಿಳಿಸುವುದಿಲ್ಲ, ಎದುರಿಗೆ ಸಿಕ್ಕವರಿಗೆ ತೋರಿಸುತ್ತೇನೆ.

ನಿಜವಾಗಿ ಕೆಲಸ ಮಾಡಿದ್ದು ಸೀಮೆಸುಣ್ಣದ ಪುಡಿ. ನಡುವಿನ ಮೂರು ಬೆರಳ ಮೆತ್ತನೆಯ ಭಾಗಕ್ಕೆ ಪುಡಿ ಹಚ್ಚಿಸಿ ದಿಂಬನ್ನು ಪರೀಕ್ಷಿಸಲು ಬಿಡುತ್ತೇನೆ, ನಡುವೆ ಬಾಯಿ ಹಾಕುವುದಿಲ್ಲ. ಮುಗಿದ ಮೇಲೆ ಕಪ್ಪು ಬಟ್ಟೆಯನ್ನು ಅವರಿಗೇ ತೋರಿಸುತ್ತೇನೆ. ರಂಗೋಲಿ ಸುತ್ತಿನ ಹಾಗೆ ದುಂಡಗೆ ಹೋದವರಲ್ಲಿ ಹತ್ತಕ್ಕೆ ಏಳೆಂಟು ಮಂದಿ ಕಂಕುಳಿನ ಬಾಲ, ಕೊರಳೆಲುಬಿನ ಕೆಳಗು, ತೊಟ್ಟಿನ ಹಿಂದಿನ ಜಾಗ ಮುಟ್ಟಿರುವುದೇ ಇಲ್ಲ. ಹೆಚ್ಚು ಕ್ಯಾನ್ಸರ್ ಹುಟ್ಟುವುದು ಮೇಲಿನ ಹೊರಭಾಗದಲ್ಲಿ, ಅಂದರೆ ಬಿಟ್ಟುಹೋದ ಜಾಗದ ಪಕ್ಕದಲ್ಲೇ.

ಆಮೇಲೆ ಸಾಲು ಹೇಳಿಕೊಡುವುದು ಸುಲಭ. ಕೂರಿಗೆ ಹೊಡೆದ ಹಾಗೆ ಕಂಕುಳಿಂದ ಕೆಳಗೆ, ಮತ್ತೆ ಮೇಲೆ, ಸಾಲಿಗೆ ಸಾಲು ತಾಗಿಸುತ್ತ ಎದೆಮೂಳೆಯವರೆಗೆ. ಮೇಲೆ ಕೊರಳೆಲುಬು, ಕೆಳಗೆ ಸ್ತನದ ಮಡಿಕೆ ದಾಟಬೇಕು. ಪ್ರತಿ ಜಾಗದಲ್ಲೂ ರೂಪಾಯಿ ನಾಣ್ಯದಷ್ಟು ಸಣ್ಣ ಸುತ್ತು ಮೂರು: ಚರ್ಮ ಅಲುಗುವಷ್ಟು, ಒಳಗಿನ ಮಾಂಸ ಅಲುಗುವಷ್ಟು, ಪಕ್ಕೆಲುಬು ತಾಕುವಷ್ಟು. ಬೆರಳು ಎತ್ತಬಾರದು, ಜಾರಿಸಬೇಕು. ಪುಡಿ ತೋರಿಸುವುದು ಜಾಗವನ್ನು ಮಾತ್ರ, ಒತ್ತಡವನ್ನಲ್ಲ. ಹುರುಳಿ ಸಿಕ್ಕಿ ಗೋಲಿ ಸಿಗದಿದ್ದರೆ ಒತ್ತಡ ಸಾಲದು. ಗೋಲಿ ಸಿಕ್ಕಿ ಹುರುಳಿ ತಪ್ಪಿದ್ದರೆ ಮೊದಲಿಗೇ ಗಟ್ಟಿ ಒತ್ತಿದ್ದಾರೆ.

ಇದನ್ನೆಲ್ಲ ನೋಡಿ ನಕ್ಕವರು ಶಾಂಘೈ ಅಧ್ಯಯನ ಎತ್ತಿದರು. ಅವರದು ತಪ್ಪಲ್ಲ. ಅಲ್ಲಿನ ಬಟ್ಟೆ ಗಿರಣಿಗಳ ಸುಮಾರು 2,66,000 ಹೆಂಗಸರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ವಪರೀಕ್ಷೆ ಕಲಿಸಿದ್ದರಿಂದ ಸಾವು ಕಡಿಮೆಯಾಗಲಿಲ್ಲ, ನಿರುಪದ್ರವಿ ಗಂಟುಗಳಿಂದ ಚೂರು ತೆಗೆದು ನೋಡುವ ಬಯಾಪ್ಸಿ ಹೆಚ್ಚಾಯಿತು. ಅದಕ್ಕೇ ನಾನು 'ಪ್ರತಿ ತಿಂಗಳು ಗಂಟು ಹುಡುಕಿ' ಅನ್ನುವುದಿಲ್ಲ. 'ನಿಮ್ಮದು ಮಾಮೂಲಾಗಿ ಹೇಗಿದೆ ತಿಳಿದಿರಲಿ, ಬದಲಾದರೆ ಬನ್ನಿ' ಅನ್ನುತ್ತೇನೆ. ಮುಟ್ಟು ಶುರುವಾದ ಏಳರಿಂದ ಹತ್ತನೇ ದಿನದೊಳಗೆ ನೋಡಿಕೊಂಡರೆ ಬಾವು, ನೋವು ಕಡಿಮೆ. ಮುಟ್ಟು ನಿಂತವರು ಒಂದು ತಾರೀಖು ಇಟ್ಟುಕೊಂಡರೆ ಸಾಕು. ತಪಾಸಣೆ ಬೇರೆಯೇ ಕೆಲಸ. ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ತರಬೇತಾದವರ ಕೈಪರೀಕ್ಷೆ ಇದೆ, ಅದಕ್ಕೆ ದಿಂಬು ಪರ್ಯಾಯವಲ್ಲ. ಮುಂಬೈಯಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಆರೋಗ್ಯ ಕಾರ್ಯಕರ್ತೆಯರಿಂದ ಎರಡು ವರ್ಷಕ್ಕೊಮ್ಮೆ ಇಂಥ ಪರೀಕ್ಷೆ ಮಾಡಿಸಿ 20 ವರ್ಷ ಗಮನಿಸಿದ ಫಲಿತಾಂಶ 2021ರಲ್ಲಿ ಬಂತು: 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30 ಕಡಿಮೆ. ಹಾಗಾಗಿ ದಿಂಬಿನ ಪಕ್ಕದಲ್ಲೇ ಪರದೆ ಕಟ್ಟಿ ಪರೀಕ್ಷೆ ಇಡುತ್ತೇನೆ. ದಿಂಬು ಮುಟ್ಟಿದವರ ಸಂಕೋಚ ಅರ್ಧ ಹೋಗಿರುತ್ತದೆ, ಪರದೆಯೊಳಗೆ ತಾವಾಗಿಯೇ ಬರುತ್ತಾರೆ.

ಒಂದು ಕೇಸು. ಸುಮಾರು 48 ವಯಸ್ಸು, ಎಡ ಸ್ತನದಲ್ಲಿ ಗಂಟು ಗೊತ್ತಾಗಿ ಮೂರು ತಿಂಗಳು. 'ನೋವೇ ಇಲ್ವಲ್ಲ ಸಿಸ್ಟರ್' ಅಂತ ಸುಮ್ಮನಿದ್ದರು. ನೋವಿಲ್ಲದಿರುವುದು ಸಮಾಧಾನದ ಮಾತಲ್ಲ, ಕ್ಯಾನ್ಸರ್ ಗಂಟು ಬಹಳ ಸಲ ನೋಯುವುದಿಲ್ಲ. ಕೈ ಕೆಳಗಿದ್ದಾಗ ಏನೂ ಕಾಣಲಿಲ್ಲ, ಸೊಂಟದ ಮೇಲೆ ಕೈಯಿಟ್ಟು ಒತ್ತಿದಾಗ ಹೊರಬದಿಯ ಚರ್ಮ ಒಳಕ್ಕೆಳೆಯಿತು. ದಿಂಬಿನ ಗುಳಿಯ ಹಾಗೇ. ಇಪ್ಪತ್ತರ ಹುಡುಗಿಯಲ್ಲಿ ಜಾರುವ ನಯವಾದ ಗಂಟಾದರೆ ಮುಟ್ಟು ಕಳೆದ ಮೇಲೊಮ್ಮೆ ನೋಡೋಣ ಅನ್ನಬಹುದಿತ್ತು. ಇಲ್ಲಿ ಕಾಯುವ ಮಾತೇ ಇಲ್ಲ.

ಹಿಂದೆ 'ಸ್ತನದಲ್ಲಿ ಗಂಟು' ಅಂತಷ್ಟೇ ಬರೆದು ದೊಡ್ಡಾಸ್ಪತ್ರೆಗೆ ಕಳಿಸಿದ ಚೀಟಿಗಳು 'ಗಂಟು ಸಿಗಲಿಲ್ಲ' ಎಂದು ವಾಪಸ್ ಬಂದಿದ್ದವು. ಈಗ ಸ್ತನವನ್ನು ಗಡಿಯಾರದ ಮುಖ ಅಂದುಕೊಂಡು ಗಂಟಿರುವ ಜಾಗವನ್ನು ಗಂಟೆಯ ಲೆಕ್ಕದಲ್ಲಿ ಬರೆಯುತ್ತೇನೆ: 'ಎಡ ಸ್ತನ, 2 ಗಂಟೆ, ತೊಟ್ಟಿನಿಂದ 4 ಸೆಂ.ಮೀ., ಗಾತ್ರ 2 ಸೆಂ.ಮೀ., ಗಟ್ಟಿ, ಅಲುಗದು, ಚರ್ಮ ಎಳೆತ ಇದೆ, ಕಂಕುಳಲ್ಲಿ ಗಂಟಿಲ್ಲ.' ಮಲಗಿಸಿ ನೋಡಿದ್ದೋ ಕೂರಿಸಿಯೋ ಎಂಬುದನ್ನೂ ಸೇರಿಸಿ, ಸಣ್ಣ ಗಂಟು ಕೂತಾಗ ತಪ್ಪಿಸಿಕೊಳ್ಳುತ್ತದೆ. ಮ್ಯಾಮೊಗ್ರಾಮ್, ಅಲ್ಟ್ರಾಸೌಂಡ್, ಆಮೇಲೆ ಸೂಜಿ ಬಯಾಪ್ಸಿ ಎಂಬ ಅನುಕ್ರಮವನ್ನು ಅವರಿಗೂ ಹೇಳಿದೆ. ಸೂಜಿ ಚುಚ್ಚಿದರೆ ಹರಡುತ್ತದೆಂದು ಮನೆಯವರು ಹೆದರಿಸಿದ್ದರು. ಹಾಗೆ ಹರಡುವುದಿಲ್ಲ, ಸೂಜಿ ಪರೀಕ್ಷೆಗೆ ಮೊದಲೇ ಗಂಟು ಕೊಯ್ದು ತೆಗೆಸಿಕೊಂಡರೆ ಮುಂದಿನ ಚಿಕಿತ್ಸೆಯ ಲೆಕ್ಕ ತಪ್ಪುತ್ತದೆ ಅಂದೆ. ಹೋದರು.

ತೊಟ್ಟು ಹಿಂಡಿ ನೋಡಿ ಅಂತ ಮಾತ್ರ ಯಾರಿಗೂ ಕಲಿಸಬೇಡಿ. ಹಿಂಡಿದರೆ ಎಷ್ಟೋ ಜನಕ್ಕೆ ಏನಾದರೂ ಒಸರುತ್ತದೆ. ತಾನಾಗಿ, ಒಂದೇ ಕಡೆ, ರಕ್ತ ಅಥವಾ ತಿಳಿನೀರು ಒಸರಿ ರವಿಕೆಗೆ ಕಲೆಯಾಗುತ್ತಿದ್ದರೆ ಬರಬೇಕು. ಹಾಲುಣಿಸುವವರಲ್ಲಿ ಬಾವು ಕೆಂಪಾಗಿ, ಚರ್ಮ ಕಿತ್ತಳೆ ಸಿಪ್ಪೆಯಂತಾಗಿ, ಆಂಟಿಬಯಾಟಿಕ್ ಮುಗಿದರೂ ಇಳಿಯದಿದ್ದರೆ ಎರಡನೇ ಕೋರ್ಸಿಗೆ ಕಾಯದೆ ಕಳಿಸಿ. ಸ್ತನದ ತೊಂದರೆಯನ್ನು 'ಎದೆನೋವು' ಅಂತ ಬರೆದುಕೊಂಡು ಇಸಿಜಿಗೆ ಕಳಿಸಿದ್ದೂ ಉಂಟು, ಕೈಯಿಟ್ಟು ತೋರಿಸಿ ಅಂತ ಕೇಳಿ.

ದಿಂಬಿಗೆ ಹೊಲಿಗೆ ಕೂಲಿ ಸೇರಿ ಇನ್ನೂರೈವತ್ತರ ಆಸುಪಾಸು ಬೀಳುತ್ತದೆ. ಮೇಲಿನ ಬಟ್ಟೆಗೆ ಜಿಪ್ ಇಡಿಸಿ, ಪುಡಿ ಒಗೆದರಷ್ಟೇ ಹೋಗುತ್ತದೆ. ಕಾಳುಗಳನ್ನು ಹುರಿದು ಹಾಕಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಹುಳು ಹಿಡಿದು ಗಂಟು ಪುಡಿಯಾಗಿರುತ್ತದೆ.