ಮಾಕ್ ಟೆಸ್ಟ್ ವಾರಕ್ಕೆ ಎಷ್ಟು? ತಪ್ಪು ನೋಡಲು ಎಷ್ಟು ಗಂಟೆ?

ಕಲಬುರಗಿಯಲ್ಲಿ ನೀಟ್‌ಗೆ ಓದುವ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಪ್ರತಿ ವರ್ಷ ಜನವರಿ ಬಂತೆಂದರೆ ಒಂದೇ ದೃಶ್ಯ. ಹಾಸ್ಟೆಲ್ ಕೋಣೆಯಲ್ಲಿ ಪ್ರಶ್ನೆಪತ್ರಿಕೆಗಳ ರಾಶಿ, ಅಂಕ ಮಾತ್ರ ಅಲ್ಲೇ. ಎರಡನೇ ಸಲ ಪರೀಕ್ಷೆಗೆ ಕೂತ ಹುಡುಗನೊಬ್ಬ ಕಳೆದ ವರ್ಷ ಬಂದು, ‘ಸರ್, ವಾರಕ್ಕ ಮೂರು ಬರೀತೀನ್ರಿ. ಮಾರ್ಕ್ಸ್ 420 ದಾಟವಲ್ದು’ ಎಂದ. ಬರೆದ ಮೇಲೆ ಎಷ್ಟು ಹೊತ್ತು ನೋಡ್ತೀ ಅಂತ ಕೇಳಿದೆ. ಅರ್ಧ ಗಂಟೆ ಎಂದ. ಕೀ ಉತ್ತರ ಹೊಂದಿಸಿ ಅಂಕ ಕೂಡಿಸುವುದಕ್ಕೇ ಅಷ್ಟು ಬೇಕು. ಅಂದರೆ ತಪ್ಪುಗಳನ್ನು ಅವನು ನೋಡಿಯೇ ಇರಲಿಲ್ಲ.

ಎಷ್ಟು ಟೆಸ್ಟ್ ಎಂದು ಮೊದಲೇ ನಿರ್ಧರಿಸಬೇಡಿ. ಒಂದು ಟೆಸ್ಟ್‌ನ ತಪ್ಪು ನೋಡಲು ನಿಮಗೆ ನಿಜಕ್ಕೂ ಎಷ್ಟು ಗಂಟೆ ಹಿಡಿಯುತ್ತದೆ ಎಂದು ಅಳೆಯಿರಿ. ಸಂಖ್ಯೆ ತಾನಾಗಿ ಸಿಗುತ್ತದೆ.

ಮೊದಲು, ಟೆಸ್ಟ್ ಬರೆಯುವುದು. 180 ಪ್ರಶ್ನೆ, 180 ನಿಮಿಷ, ಒಎಂಆರ್ ಹಾಳೆ, ಕಪ್ಪು ಬಾಲ್ ಪೆನ್. ಇದು ಎಲ್ಲರಿಗೂ ಗೊತ್ತು. ನಾನು ಸೇರಿಸುವುದು ಒಂದೇ: ಅನುಮಾನದಿಂದ ಗುರುತಿಸಿದ ಪ್ರತಿ ಉತ್ತರದ ಪಕ್ಕ ಪ್ರಶ್ನೆಪತ್ರಿಕೆಯಲ್ಲಿ ಒಂದು ‘?’ ಹಾಕಿ. ಅದು ಸರಿಯಾಗಿದ್ದರೂ ನಿಮಗೆ ಗೊತ್ತಿದ್ದ ಉತ್ತರವಲ್ಲ. ಮುಂದೆ ಇದು ಕೆಲಸಕ್ಕೆ ಬರುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ. ಆ ಹುಡುಗನ ಒಂದು ಪತ್ರಿಕೆಯನ್ನೇ ತೆಗೆದುಕೊಳ್ಳೋಣ. 115 ಸರಿ, 45 ತಪ್ಪು, 20 ಖಾಲಿ. ಸರಿಯಾದದ್ದಕ್ಕೆ 4, ತಪ್ಪಿಗೆ ಒಂದು ಕಡಿತ. 460ರಲ್ಲಿ 45 ಹೋಗಿ 415. ಸರಿ ಉತ್ತರಗಳ ಪೈಕಿ 14ರ ಪಕ್ಕ ‘?’ ಇತ್ತು. ಹಾಗಾಗಿ ಖಾಲಿ ಬಿಟ್ಟ 20 ಕೂಡ ಸೇರಿ ನೋಡಬೇಕಾದದ್ದು 45 ಅಲ್ಲ, 79 ಪ್ರಶ್ನೆ.

ಈ 79ನ್ನು ಮರುದಿನ ಬೆಳಿಗ್ಗೆ ಮತ್ತೆ ಬಿಡಿಸಬೇಕು. ಯಾವುದು ತಪ್ಪು ಎಂದಷ್ಟೇ ಗೊತ್ತಿರಬೇಕು, ಸರಿ ಉತ್ತರ ಕಣ್ಣಿಗೆ ಬಿದ್ದಿರಬಾರದು. ಅದಕ್ಕೇ ಅಂಕ ಕೂಡಿಸುವ ಕೆಲಸವನ್ನು ಗೆಳೆಯನಿಗೆ ಕೊಡಿ. ಅವನು ಪ್ರಶ್ನೆ ಸಂಖ್ಯೆಗೆ ಸುತ್ತು ಹಾಕಿ ಕೊಡಲಿ, ಸಾಕು. ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ ಎಂದೇ ನನ್ನ ನಂಬಿಕೆ. ಕಾರಣ ಹೇಳುತ್ತೇನೆ.

ಅವನ ಪತ್ರಿಕೆಯಲ್ಲಿ ಒಂದು ಪ್ರಶ್ನೆ ಇತ್ತು. ನೆಲದಿಂದ 60 ಡಿಗ್ರಿ ಕೋನದಲ್ಲಿ ಎಸೆದ ಚೆಂಡಿಗೆ ಎಸೆಯುವಾಗ ಚಲನ ಶಕ್ತಿ ಇ. ತೀರಾ ಎತ್ತರದಲ್ಲಿ ಎಷ್ಟು? ಅವನು ಅರ್ಧ ಇ ಎಂದು ಬರೆದಿದ್ದ. ಸರಿ ಉತ್ತರ ಕಾಲು ಇ. ಕೀ ನೋಡಿದ ಕೂಡಲೇ ‘ಅಯ್ಯೋ, ಅವಸರದ ತಪ್ಪು’ ಎಂದು ಮುಂದೆ ಹೋಗಿದ್ದ. ಅಂಥದ್ದೇ ಪ್ರಶ್ನೆಯನ್ನು 30 ಡಿಗ್ರಿಗೆ ಬದಲಿಸಿ ಕೊಟ್ಟೆ. ಅದೇ ತಪ್ಪು ಮಾಡಿದ. ಮೇಲೆ ಹೋದಾಗ ಅಡ್ಡ ವೇಗ ಮಾತ್ರ ಉಳಿಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ವೇಗ ಅರ್ಧವಾದರೆ ಶಕ್ತಿ ಕಾಲು ಭಾಗವಾಗುತ್ತದೆ ಎಂಬುದು ಗೊತ್ತಿರಲಿಲ್ಲ. ಇದು ಅವಸರವಲ್ಲ, ಪಾಠದಲ್ಲೇ ಇರುವ ತೂತು. ಕೀ ನೋಡಿದ ಮೇಲೆ ಎಲ್ಲ ತಪ್ಪೂ ಅವಸರದ ತಪ್ಪಿನ ಹಾಗೇ ಕಾಣುತ್ತದೆ, ಅಲ್ವಾ?

ಮತ್ತೆ ಬಿಡಿಸಿದ ಮೇಲೆ ಕೀ ತೆಗೆದು, ತಪ್ಪುಗಳನ್ನು ಬೇರೆ ಮಾಡಿ. ಅವನ 45 ಹೀಗೆ ಹಂಚಿಹೋದವು: ಪಾಠವೇ ಗೊತ್ತಿಲ್ಲದವು 17, ಅರ್ಧಂಬರ್ಧ ಗೊತ್ತಿದ್ದವು 14, ಎರಡನೇ ಸಲ ತಾನಾಗಿ ಸರಿ ಬಂದವು 9, ಕೊನೆಯ ನಿಮಿಷದ ಊಹೆ 5. ಎರಡನೇ ಸಲ ಸರಿ ಬಂದ ಆ 9 ಮಾತ್ರ ನಿಜವಾದ ಅವಸರದ ತಪ್ಪು. ಒಂದೊಂದಕ್ಕೂ ಸಿಗಬೇಕಾದ 4 ಹೋಗಿ, ಮೇಲೆ 1 ಕಡಿತ. ಒಟ್ಟು 45 ಅಂಕ. ಅವು ಎಲ್ಲಿವೆ ಎಂದು ಹುಡುಕಿದರೆ 6 ಭೌತಶಾಸ್ತ್ರದಲ್ಲಿದ್ದವು. ಅದನ್ನು ಅವನು ಕೊನೆಗೆ ಬರೆಯುತ್ತಿದ್ದ. ಒಎಂಆರ್‌ನ ಗುಂಡಿಗಳನ್ನೂ ಕೊನೆಗೇ ತುಂಬುತ್ತಿದ್ದ. ಪುಟ ಮುಗಿದಂತೆ ಗುಂಡಿ ತುಂಬುವುದನ್ನು ರೂಢಿ ಮಾಡಿಸಿದೆ. ಜೀವಶಾಸ್ತ್ರ ಮೊದಲು, 50 ನಿಮಿಷದೊಳಗೆ. ನಂತರ ಭೌತಶಾಸ್ತ್ರ, ಕೊನೆಗೆ ರಸಾಯನಶಾಸ್ತ್ರ.

ಮೊದಲ ಎರಡು ಗುಂಪಿನ 31 ಪ್ರಶ್ನೆಗೆ ಎನ್‌ಸಿಇಆರ್‌ಟಿ ಪುಸ್ತಕದ ಪುಟ ತೆಗೆಯಲೇಬೇಕು. ಆ ಪ್ಯಾರಾ ಓದಿ, ನೋಟ್‌ಬುಕ್‌ನಲ್ಲಿ ನಿಮ್ಮ ಮಾತಲ್ಲಿ ಒಂದೇ ಸಾಲು ಬರೆಯಿರಿ. ಪರಿಹಾರದ ವಿಡಿಯೋವನ್ನು ಎರಡು ಪಟ್ಟು ವೇಗದಲ್ಲಿ ಓಡಿಸುವುದು ಇದಕ್ಕೆ ಬದಲಿಯಲ್ಲ. ನೋಡುವಾಗ ಎಲ್ಲ ತಿಳಿದ ಹಾಗಿರುತ್ತದೆ, ಪೆನ್ನು ಹಿಡಿದರೆ ಏನೂ ಬರುವುದಿಲ್ಲ. ಇನ್ನೊಂದು ಮಾತು. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಅಗ್ಗದ ಟೆಸ್ಟ್ ಕಟ್ಟುಗಳನ್ನು ಕೊಳ್ಳಬೇಡಿ. ನನ್ನ ಕೈಗೆ ಬಂದ ಒಂದರಲ್ಲಿ ಕೀ ಉತ್ತರಗಳೇ ತಪ್ಪಿದ್ದವು. ಮಗು ಸರಿ ಬರೆದು, ತಪ್ಪು ಎಂದುಕೊಂಡು ಅರ್ಧ ದಿನ ಕೊರಗಿತ್ತು. ಹಿಂದಿನ ವರ್ಷಗಳ ನಿಜವಾದ ಪತ್ರಿಕೆಗಳೇ ಸಾಕಷ್ಟಿವೆ. 2021ರಿಂದ 2024ರವರೆಗಿನವುಗಳಲ್ಲಿ 200 ಪ್ರಶ್ನೆ ಇದ್ದು, 180ಕ್ಕೆ ಉತ್ತರಿಸಬೇಕಿತ್ತು. ಅವನ್ನು ಬರೆಯುವಾಗ ಭೌತಶಾಸ್ತ್ರ, ರಸಾಯನಶಾಸ್ತ್ರದ ಐದೈದು ಪ್ರಶ್ನೆ, ಜೀವಶಾಸ್ತ್ರದ ಹತ್ತು ಬಿಟ್ಟುಬಿಡಿ.

ಈಗ ಗಂಟೆ ಲೆಕ್ಕ. 79 ಪ್ರಶ್ನೆ ಮತ್ತೆ ಬಿಡಿಸಲು ಅವನಿಗೆ ಎರಡು ಗಂಟೆ ಹಿಡಿಯಿತು. ಬೇರೆ ಮಾಡಲು ಒಂದು. ಪುಸ್ತಕಕ್ಕೆ ಹೋಗಲು ಮೂರು. ವಾರದ ನಂತರ ಆ 31ನ್ನು ಇನ್ನೊಮ್ಮೆ ಬಿಡಿಸಲು ಒಂದು. ಒಟ್ಟು ಏಳು, ಟೆಸ್ಟ್ ಸೇರಿದರೆ ಹತ್ತು. ತರಗತಿ ಬಿಟ್ಟು ಅವನ ಕೈಲಿದ್ದದ್ದು ದಿನಕ್ಕೆ ಐದು ಗಂಟೆ, ವಾರಕ್ಕೆ 35. ಮೂರು ಟೆಸ್ಟ್ ಬರೆದು ಸರಿಯಾಗಿ ನೋಡಿದರೆ 30 ಗಂಟೆ ಅಲ್ಲೇ ಹೋಯಿತು. ಗೊತ್ತಿಲ್ಲದ ಪಾಠ ಓದಲು ಉಳಿಯುವುದು ಐದೇ. ಟೆಸ್ಟ್ ಮತ್ತು ತಪ್ಪು ನೋಡುವುದು ಸೇರಿ ಸ್ವಂತ ಓದಿನ ಮೂರನೇ ಒಂದು ಭಾಗ ದಾಟಬಾರದು ಎಂದು ನಾನು ಹೇಳುವುದು. ಅವನಿಗೆ ವಾರಕ್ಕೆ ಒಂದೇ ಬಂತು.

ನಿಮ್ಮ ಗಂಟೆಗಳನ್ನು ಹಾಕಿ ಹೀಗೇ ಭಾಗಿಸಿ. ತಪ್ಪುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ‘ಪಾಠವೇ ಗೊತ್ತಿಲ್ಲ’ ಗುಂಪಿನವಾದರೆ ಪೂರ್ತಿ ಟೆಸ್ಟ್ ನಿಲ್ಲಿಸಿ, ಅಧ್ಯಾಯದ ಟೆಸ್ಟ್ ಬರೆಯಿರಿ. ಓದದ್ದನ್ನು ಮೂರು ಗಂಟೆ ಕೂತು ಖಚಿತ ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ. ನೋಟ್‌ಬುಕ್‌ನ ಅದೇ ಸಾಲು ಮೂರನೇ ಟೆಸ್ಟ್‌ನಲ್ಲೂ ಬರೆಯಬೇಕಾಗಿ ಬಂದರೆ, ನೀವು ತೀರಾ ಬೇಗ ಬೇಗ ಬರೆಯುತ್ತಿದ್ದೀರಿ. ಒಂದು ವಾರ ಬಿಡಿ.

ತಪ್ಪು ಕಡಿಮೆಯಾದಂತೆ ನೋಡುವ ಹೊತ್ತೂ ಇಳಿಯುತ್ತದೆ. ಮಾರ್ಚ್ ಕೊನೆಗೆ ಅವನು ನೋಡಬೇಕಾದ ಪ್ರಶ್ನೆ 40ಕ್ಕೆ ಇಳಿದವು, ಏಳು ಗಂಟೆ ನಾಲ್ಕಾಯಿತು. ತರಗತಿಗಳೂ ಮುಗಿದಿದ್ದವು. ಆಗ ವಾರಕ್ಕೆ ಎರಡು ಮಾಡಿದೆವು.

ಏಪ್ರಿಲ್‌ನ ಆ ಟೆಸ್ಟ್‌ಗಳನ್ನು ಮಧ್ಯಾಹ್ನ 2ರಿಂದ 5ರವರೆಗೇ ಬರೆಯಬೇಕು, ನಿಜ ಪರೀಕ್ಷೆಯ ಹೊತ್ತು ಅದೇ. ಬೆಳಿಗ್ಗೆ ತಂಪಲ್ಲಿ ಬರೆದ ಅಂಕವನ್ನು ನಂಬಬೇಡಿ. ನಮ್ಮೂರಲ್ಲಿ ಆ ತಿಂಗಳು 40 ಡಿಗ್ರಿ ದಾಟುತ್ತದೆ, ಹೊಟ್ಟೆ ತುಂಬ ರೊಟ್ಟಿ ಉಂಡರೆ ಮೂರು ಗಂಟೆಗೆ ಕಣ್ಣು ಎಳೆಯುತ್ತದೆ. ಪರೀಕ್ಷಾ ಕೇಂದ್ರದ ಗೇಟು 1.30ಕ್ಕೇ ಮುಚ್ಚುವುದರಿಂದ ಅವತ್ತು ಊಟ ಹೇಗೂ ಬೇಗ ಆಗಬೇಕು. ಟೆಸ್ಟ್ ದಿನಗಳಲ್ಲೂ 11.30ಕ್ಕೇ ಹಗುರಾಗಿ ಉಣ್ಣಿ.

ಪರೀಕ್ಷೆ ಭಾನುವಾರವಾದರೆ ಕೊನೆಯ ಟೆಸ್ಟ್ ಮಂಗಳವಾರ. ಬುಧವಾರ, ಗುರುವಾರ ಅದರ ತಪ್ಪಿಗೆ. ಶುಕ್ರವಾರ, ಶನಿವಾರ ಹೊಸ ಪತ್ರಿಕೆ ಮುಟ್ಟದೆ, ನೋಟ್‌ಬುಕ್‌ನ ಒಂದೊಂದೇ ಸಾಲುಗಳನ್ನು ಮೊದಲ ಪುಟದಿಂದ ಓದಿ.