ಅವನು ‘ಕ್ಯಾನ್’ ಅಂತ ಪೂರ್ತಿ ಅಂದ, ನಾನು ‘ಆಗುತ್ತೆ’ ಅಂದುಕೊಂಡೆ

ಹುಬ್ಬಳ್ಳಿಯ ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಸಣ್ಣ ವಾಲ್ವ್ ಕಾರ್ಖಾನೆಯಿದೆ. ಅಲ್ಲಿ ಆರ್ಡರ್ ಮತ್ತು ಡಿಸ್ಪ್ಯಾಚ್ ನೋಡಿಕೊಳ್ಳುವುದು ನನ್ನ ಕೆಲಸ. ಓದಿದ್ದೆಲ್ಲ ಕನ್ನಡ ಮೀಡಿಯಂ. ಇಂಗ್ಲಿಷ್ ಮೇಲ್ ಬರೆಯೋಕೆ, ಓದೋಕೆ ಏನೂ ತೊಂದರೆ ಇರಲಿಲ್ಲ. ತೊಂದರೆ ಎಲ್ಲಾ ಕಿವಿಯದು.

ಒಂದು ಸಲ ಅಮೆರಿಕದ ಗಿರಾಕಿಗೆ ಎರಡು ಪೆಟ್ಟಿಗೆ ಸ್ಯಾಂಪಲ್ ಕಳಿಸಬೇಕಿತ್ತು. ಯಾವಾಗ ಕಳಿಸಲಿ ಅಂತ ಮೀಟಿಂಗಿನಲ್ಲಿ ಕೇಳಿದೆ. ಅವರ ಸ್ಟೋರ್ ನೋಡಿಕೊಳ್ಳುವವನು ಹೇಳಿದ: “ವೀ ಕ್ಯಾನ್ ಟೇಕೆಮ್ ಬಿಫೋರ್ ದ ಟ್ವೆಲ್ತ್.” ನನಗೆ ಕೇಳಿಸಿದ್ದು ಹೀಗೆ. ಹನ್ನೆರಡರೊಳಗೆ ಬಂದರೆ ತಗೋತಾರೆ ಅಂತ ಮಾಲೀಕರಿಗೆ ಹೇಳಿದೆ. ಎರಡು ರಾತ್ರಿ ಹುಡುಗರನ್ನು ನಿಲ್ಲಿಸಿಕೊಂಡು ಟೆಸ್ಟಿಂಗ್ ಮುಗಿಸಿ, ಏರ್ ಕೊರಿಯರಿನಲ್ಲಿ ಕಳಿಸಿದೆವು. ಪೆಟ್ಟಿಗೆ ಒಂಬತ್ತಕ್ಕೇ ಮುಟ್ಟಿದವು. ಅಲ್ಲಿ ಸ್ಟಾಕ್ ಎಣಿಕೆ ನಡೆದಿತ್ತು, ಹನ್ನೆರಡರವರೆಗೆ ಗೋದಾಮು ಬಂದ್. ಪೆಟ್ಟಿಗೆ ಕೊರಿಯರ್‌ನವರ ಹತ್ತಿರವೇ ಬಿದ್ದಿದ್ದವು, ಅದಕ್ಕೆ ಬಾಡಿಗೆ ಬೇರೆ. ಅವನು ಹೇಳಿದ್ದು ‘ಕ್ಯಾಂಟ್’, ಅಂದರೆ ‘ಹನ್ನೆರಡಕ್ಕಿಂತ ಮೊದಲು ತಗೊಳ್ಳೋಕೆ ಆಗೋದಿಲ್ಲ’ ಅಂತ.

ಮೀಟಿಂಗಿನ ರೆಕಾರ್ಡಿಂಗ್ ಇತ್ತು. ಹತ್ತು ಸಲ ಕೇಳಿದೆ. ಹತ್ತೂ ಸಲ ‘ಕ್ಯಾನ್’ ಅಂತಲೇ ಕೇಳಿಸಿತು. ತಪ್ಪು ಅವನದೇ ಅಂತ ಸಾಧಿಸೋಕೆ ಹೊರಟೆ. ಮಾಲೀಕರ ಒಪ್ಪಿಗೆ ತಗೊಂಡು, ಆ ಒಂದು ವಾಕ್ಯವನ್ನು ಮಾತ್ರ ಕತ್ತರಿಸಿ, ಧಾರವಾಡದಲ್ಲಿ ನಮ್ಮ ಓಣಿಯಲ್ಲೇ ಇರುವ ನಿವೃತ್ತ ಇಂಗ್ಲಿಷ್ ಮಾಸ್ತರರಿಗೆ ಕೇಳಿಸಿದೆ. ಅವರು ಒಂದೇ ಸಲ ಕೇಳಿ ನಕ್ಕರು.

“ತಮ್ಮಾ, ಅಂವ ಕ್ಯಾನ್ ಅಂತ ಪೂರ್ತಿ ಅಂದಾನ ನೋಡು. ಅದಕ್ಕ ಅದು ‘ಆಗೂದಿಲ್ಲ’. ‘ಆಗ್ತದ’ ಅನ್ನೂದಿದ್ದರ ಅಷ್ಟು ಪೂರ್ತಿ ಅಂತಿದ್ದಿಲ್ಲ.”

“ಸರ್, ಮತ್ತ ‘ಟ್’ ಎಲ್ಲಿ ಹೋತು?”

“ಅದನ್ನ ನುಂಗ್ಯಾನ. ನೀ ಅದನ್ನ ಹುಡುಕೂದು ಬಿಡು.”

ನನಗೆ ಅರ್ಥವಾಗೋಕೆ ಒಂದು ವಾರ ಬೇಕಾಯಿತು. ವಿಷಯ ಹೀಗಿದೆ. ಕ್ಯಾನ್ ಅನ್ನುವ ಪದವನ್ನು ಇಂಗ್ಲಿಷಿನವರು ವಾಕ್ಯದ ನಡುವೆ ಪೂರ್ತಿ ಹೇಳುವುದೇ ಅಪರೂಪ. ‘ಕನ್’ ಅನ್ನುತ್ತಾರೆ, ಅದೂ ಬಹಳ ಸಣ್ಣದಾಗಿ. ಆ ‘ಅ’ ನಮ್ಮ ‘ಅ’ದಷ್ಟೂ ಇರುವುದಿಲ್ಲ. ಬಾಯಿ ಸರಿಯಾಗಿ ತೆರೆಯದೆ, ನಾಲಿಗೆ ಸುಮ್ನೆ ನಡುವೆ ಬಿಟ್ಟು ಬರುವ ಅರೆ ಸ್ವರ ಅದು. ಎಷ್ಟೋ ಸಲ ಸ್ವರವೇ ಹಾರಿಹೋಗಿ ‘ಕ್’ ಮತ್ತು ‘ನ್’ ಮಾತ್ರ ಉಳಿಯುತ್ತವೆ. ಇದನ್ನು ಪದದ ದುರ್ಬಲ ರೂಪ ಅನ್ನುತ್ತಾರೆ, ಇಂಗ್ಲಿಷಿನಲ್ಲಿ ವೀಕ್ ಫಾರ್ಮ್. ಆದರೆ ‘ಕ್ಯಾಂಟ್’ಗೆ ಅಂಥ ದುರ್ಬಲ ರೂಪವೇ ಇಲ್ಲ. ‘ಇಲ್ಲ’ ಅನ್ನುವುದು ಮುಖ್ಯ ಸುದ್ದಿ ಅಲ್ವಾ, ಅದನ್ನು ಒತ್ತಿಯೇ ಹೇಳಬೇಕು. ಹಾಗಾಗಿ ಅದರ ಸ್ವರ ಪೂರ್ತಿ ಉಳಿಯುತ್ತದೆ.

ಇನ್ನು ಕೊನೆಯ ‘ಟ್’. ಅಮೆರಿಕದ ಮಾತಿನಲ್ಲಿ, ಮುಂದೆ ವ್ಯಂಜನ ಬಂದರೆ ಸಾಮಾನ್ಯವಾಗಿ ಅದು ಬಿಚ್ಚಿಕೊಳ್ಳುವುದಿಲ್ಲ. ನಾಲಿಗೆ ಆ ಜಾಗಕ್ಕೆ ಹೋಗಿ ನಿಲ್ಲುತ್ತದೆ, ಇಲ್ಲವೇ ಗಂಟಲು ಒಂದು ಕ್ಷಣ ಮುಚ್ಚುತ್ತದೆ, ಅಷ್ಟೇ. ನನ್ನ ವಾಕ್ಯದಲ್ಲಂತೂ ಮುಂದಿನ ಪದ ‘ಟೇಕ್’. ‘ಟ್’ ಹೇಗೂ ಒಂದು ಕೇಳಿಸಿಯೇ ಕೇಳಿಸುತ್ತದೆ, ಆದರೆ ಅದು ಟೇಕ್‌ನದು. ನಾನು ‘ಟ್’ ಇದೆಯೋ ಇಲ್ಲವೋ ಅಂತ ಕಿವಿ ಒಡ್ಡಿ ಕೂತಿದ್ದೆ. ತಪ್ಪು ಜಾಗದಲ್ಲಿ ಬೇಹುಗಾರಿಕೆ.

ಇದು ವಿಚಿತ್ರ ಅನ್ನಿಸಿದರೆ ನಮ್ಮ ಮಾತನ್ನೇ ನೋಡಿ. ‘ಏನ್ ಮಾಡಾಕತ್ತಿ?’ ಅಂತ ನಾವು ದಿನಕ್ಕೆ ಇಪ್ಪತ್ತು ಸಲ ಕೇಳುತ್ತೇವೆ. ಅದು ‘ಮಾಡಲಿಕ್ಕೆ ಹತ್ತಿ’ ಅನ್ನುವುದು ಸವೆದು ಆದದ್ದು. ಮೈಸೂರಿನಿಂದ ಬಂದ ಹೊಸ ಸೇಲ್ಸ್ ಹುಡುಗನಿಗೆ ಮೊದಲ ವಾರ ಇದು ತಿಳಿಯಲೇ ಇಲ್ಲ. ಅವನಿಗೆ ಕನ್ನಡ ಬರಲ್ಲ ಅಂತಲ್ಲ, ಸವೆದ ಪದ ಅವನ ಕಿವಿಗೆ ಹೊಸದು. ಸಂಧಿ, ಲೋಪ ಅಂತ ಶಾಲೆಯಲ್ಲಿ ಓದಿದ್ದೂ ಇದೇ. ಒಂದು ಫರಕು ಮಾತ್ರ ಇದೆ. ನಾವು ಎಷ್ಟೇ ಸವೆಸಿದರೂ ಉಳಿದ ಅಕ್ಷರಗಳಿಗೆ ಹೆಚ್ಚುಕಡಿಮೆ ಒಂದೇ ತೂಕ ಕೊಡುತ್ತೇವೆ. ಇಂಗ್ಲಿಷಿನವರು ಒಂದೆರಡು ಪದದ ಮೇಲೆ ಭಾರ ಹಾಕಿ, ಉಳಿದದ್ದನ್ನು ನಡುವಿನ ಸಂದಿಯಲ್ಲಿ ತುರುಕುತ್ತಾರೆ.

ಮಾಸ್ತರರು ಹೇಳಿಕೊಟ್ಟ ಉಪಾಯ ಇಷ್ಟೇ: ಮೇಜಿನ ಮೇಲೆ ಬೆರಳಿನಿಂದ ಪೆಟ್ಟು ಹಾಕು. ‘ವೀ ಕನ್ ಟೇಕೆಮ್’ ಅಂದರೆ ಒಂದೇ ಪೆಟ್ಟು, ‘ಟೇಕ್’ ಮೇಲೆ. ‘ವೀ ಕ್ಯಾಂಟ್ ಟೇಕೆಮ್’ ಅಂದರೆ ಎರಡು, ‘ಕ್ಯಾಂಟ್’ ಮೇಲೊಂದು, ‘ಟೇಕ್’ ಮೇಲೊಂದು. ‘ಟ್’ ಬಂತಾ ಅಂತ ಕೇಳಬೇಡ, ಪೆಟ್ಟು ಎಷ್ಟು ಅಂತ ಎಣಿಸು.

ಉಪಾಯ ಗೊತ್ತಾಯಿತು ಅಂದಮಾತ್ರಕ್ಕೆ ಕಿವಿ ಕೇಳುವುದಿಲ್ಲ. ನನ್ನ ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನ ಕೈಲಿ 20 ತುಣುಕು ಮಾಡಿಸಿದೆ. ಅಮೆರಿಕದವರ ಸಂದರ್ಶನಗಳು, ಮನುಷ್ಯರೇ ಕೇಳಿ ಬರೆದ ಪಠ್ಯ ಜೊತೆಗಿರುವಂಥವು, ನೆಟ್ಟಿನಲ್ಲಿ ಬೇಕಾದಷ್ಟು ಸಿಗುತ್ತವೆ. ಪಠ್ಯದಲ್ಲಿ `can` ಮತ್ತು `can't` ಹುಡುಕಿ, ಆ ಜಾಗದ ಆಡಿಯೊವನ್ನು `Audacity`ಯಲ್ಲಿ ಮೂರರಿಂದ ಐದು ಸೆಕೆಂಡಿನಷ್ಟು ಕತ್ತರಿಸಿದ. ಎರಡೂ ಹತ್ತು ಹತ್ತು. ಹೆಸರಿನ ಬದಲು ನಂಬರ್ ಹಾಕಿ ಕಲೆಸಿದ. ಉತ್ತರದ ಚೀಟಿ ಅವನ ಜೇಬಿನಲ್ಲಿ.

ಮೊದಲ ದಿನ 20ಕ್ಕೆ 8 ಸರಿ. ನಾಣ್ಯ ಚಿಮ್ಮಿದ್ದರೂ ಇದಕ್ಕಿಂತ ಜಾಸ್ತಿ ಬರುತ್ತಿತ್ತೋ ಏನೋ. ತಪ್ಪುಗಳನ್ನು ನೋಡಿದಾಗ ಕಾರಣ ಕಂಡಿತು. ಪೂರ್ತಿ ‘ಕ್ಯಾನ್’ ಕೇಳಿಸಿದ ಕಡೆಯೆಲ್ಲ ‘ಆಗುತ್ತೆ’ ಅಂತ ಬರೆದಿದ್ದೆ. ಅಂದರೆ ಕಿವಿ ಕೇಳುತ್ತಿತ್ತು, ಅರ್ಥವನ್ನು ನಾನು ಉಲ್ಟಾ ಹಚ್ಚುತ್ತಿದ್ದೆ.

ಆಮೇಲೆ ದಿನಾ ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ. ಒಂದು ತುಣುಕು ಮೂರು ಸಲ ಕೇಳುವುದು. ಮೊದಲ ಸಲ ಸುಮ್ನೆ ಕೇಳಿ ಪೆಟ್ಟು ಎಣಿಸುವುದು. ಎರಡನೇ ಸಲ ಕೇಳಿಸಿದ್ದನ್ನು ಕನ್ನಡ ಅಕ್ಷರದಲ್ಲಿ ಬರೆಯುವುದು. ಇದು ಮುಖ್ಯ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಕೈ ತಾನಾಗಿಯೇ ಸ್ಪೆಲಿಂಗ್ ಬರೆಯುತ್ತದೆ, ಕೇಳಿಸದ ‘ಟ್’ ಕೂಡ ಬಂದು ಕೂರುತ್ತದೆ. ಕನ್ನಡದಲ್ಲಾದರೆ ಕೇಳಿಸಿದ್ದಷ್ಟೇ ಇಳಿಯುತ್ತದೆ. ಆ ಅರೆ ಸ್ವರಕ್ಕೆ ನಮ್ಮಲ್ಲಿ ಅಕ್ಷರವಿಲ್ಲ, ಅದಕ್ಕೆ ಒಂದು ಸಣ್ಣ ಸೊನ್ನೆ ಹಾಕಿಕೊಂಡೆ. ಮೂರನೇ ಸಲ ಪಠ್ಯ ಮುಂದಿಟ್ಟುಕೊಂಡು ಕೇಳಿ, ಹಾರಿಹೋದ ಧ್ವನಿಯನ್ನು ಕೆಂಪು ಪೆನ್ನಿನಲ್ಲಿ ಹೊಡೆಯುವುದು. ಪಠ್ಯವನ್ನು ಮೊದಲೇ ನೋಡಿದರೆ ಎಲ್ಲಾ ಕೆಟ್ಟಿತು. ಕಣ್ಣಿಗೆ ಕಂಡದ್ದೇ ಕಿವಿಗೂ ಕೇಳಿಸುತ್ತದೆ.

ವೇಗ ತಗ್ಗಿಸಿಯೂ ನೋಡಿದೆ. `Audacity`ಯಲ್ಲಿ `Change Tempo` ಅಂತ ಇದೆ. ಕಾಲು ಭಾಗ ತಗ್ಗಿಸಿದರೆ ಪೆಟ್ಟು ಎಣಿಸೋಕೆ ಅನುಕೂಲ. ಅರ್ಧಕ್ಕೆ ಇಳಿಸಿದರೆ ಮಾತ್ರ ಮೋಸ. ಸಣ್ಣ ‘ಕನ್’ ಕೂಡ ಎಳೆದು ‘ಕ್ಯಾನ್’ ಥರ ಕೇಳಿಸಿತು. ಹಾರಿಹೋದ ‘ಟ್’ ಅಂತೂ ಎಷ್ಟು ನಿಧಾನ ಮಾಡಿದರೂ ಬರಲಿಲ್ಲ. ಬರುವುದಾದರೂ ಹೇಗೆ, ಅವನು ಹೇಳಿಯೇ ಇಲ್ಲವಲ್ಲ! ಇದಕ್ಕೂ ಮೊದಲು ಕಲಿಯುವವರಿಗಾಗಿ ನಿಧಾನವಾಗಿ ಓದುವ ಸುದ್ದಿಯನ್ನು ಎಷ್ಟೋ ತಿಂಗಳು ಕೇಳಿದ್ದೆ. ಪದ ಬಿಡಿಸಿ ಓದುತ್ತಾರೆ, ಎಲ್ಲಾ ತಿಳಿಯುತ್ತದೆ. ಅದಕ್ಕೇ ಈ ಕೆಲಸಕ್ಕೆ ಅದು ಬರಲಿಲ್ಲ.

ನಾಲ್ಕು ವಾರಕ್ಕೆ 20ಕ್ಕೆ 16 ಆಯಿತು. ಅದೇ ತುಣುಕು ಬಾಯಿಪಾಠವಾಗಿರಬಹುದು ಅಂತ ಹುಡುಗ ಹೊಸ 20 ಮಾಡಿಕೊಟ್ಟ. ಅದರಲ್ಲಿ 15.

ಈ ಬರೆಯುವ ಅಭ್ಯಾಸದಲ್ಲಿ ಬೇರೆಯವೂ ಸಿಕ್ಕಿಬಿದ್ದವು. ಒಂದು ತುಣುಕು ಇನ್ನೂ ನೆನಪಿದೆ. ನಾನು ಬರೆದಿದ್ದು: ‘ಐ ಶುಡ ವ್ಯಾಸ್ಟಿಮ್ ಲ್ಯಾಸ್ ವೀಕ್.’ ಯಾವುದೋ ದೊಡ್ಡ ಟೀಮಿನ ವಿಷಯ, ‘ವ್ಯಾಸ್ಟ್ ಟೀಮ್’ ಅಂದುಕೊಂಡೆ. ನಿಜವಾದ ವಾಕ್ಯ ‘ಐ ಶುಡ್ ಹ್ಯಾವ್ ಆಸ್ಕ್ಡ್ ಹಿಮ್ ಲಾಸ್ಟ್ ವೀಕ್’. ಹೋದ ವಾರ ಅವನನ್ನು ಕೇಳಬೇಕಿತ್ತು ಅಂತ, ಅಷ್ಟೇ. ‘ಹ್ಯಾವ್’ ಸಣ್ಣದಾಗಿ ‘ಅವ್’ ಆಗಿದೆ. ಅದರ ‘ವ್’ ಮುಂದಿನ ಪದದ ಸ್ವರಕ್ಕೆ ಅಂಟಿಕೊಂಡು ‘ವ್ಯಾ’ ಆಗಿದೆ, ಲಿಂಕಿಂಗ್ ಅನ್ನುವುದು ಇದಕ್ಕೇ. ‘ಆಸ್ಕ್ಡ್’ನಲ್ಲಿ ವ್ಯಂಜನಗಳ ರಾಶಿ, ನಡುವಿನ ‘ಕ್’ ಬಿದ್ದುಹೋಗಿದೆ. ‘ಹಿಮ್’ನ ‘ಹ್’ ಇಲ್ಲ. ‘ಲಾಸ್ಟ್ ವೀಕ್’ನಲ್ಲಿ ‘ಟ್’ ಎರಡು ವ್ಯಂಜನದ ನಡುವೆ ಸಿಕ್ಕು ಲೋಪವಾಗಿದೆ. ಅದೇ ‘ಲಾಸ್ಟ್ ಆರ್ಡರ್’ ಆಗಿದ್ದರೆ ‘ಟ್’ ಉಳಿದು, ಮುಂದಿನ ಸ್ವರಕ್ಕೆ ಸೇರಿ ‘ಲ್ಯಾಸ್ ಟಾರ್ಡರ್’ ಅಂತ ಕೇಳಿಸುತ್ತಿತ್ತು. ಎಲ್ಲಿ ವ್ಯಂಜನ, ಎಲ್ಲಿ ಸ್ವರ ಅಂತ ನೋಡಿದರೆ ಸಾಕು, ಅರ್ಧ ಒಗಟು ಬಿಡಿಸಿದ ಹಾಗೆ.

ಮತ್ತೆ ಕ್ಯಾನ್‌ಗೆ ಬರುತ್ತೇನೆ. ನನ್ನ ಕಿವಿ ಮಾತ್ರ ಅಲ್ಲ, ನನ್ನ ಬಾಯಿಯೂ ಗಿರಾಕಿಗೆ ತೊಂದರೆ ಕೊಡುತ್ತಿತ್ತು ಅಂತ ಆಮೇಲೆ ತಿಳಿಯಿತು. ನಾನು ‘ವೀ ಕ್ಯಾನ್ ಸೆಂಡ್’ ಅಂತ ಸ್ಪಷ್ಟವಾಗಿ, ಅಕ್ಷರ ಬಿಡಿಸಿ ಹೇಳಿದಾಗಲೆಲ್ಲ ಅವನು “ಯೂ ಕ್ಯಾನ್, ಆರ್ ಯೂ ಕ್ಯಾಂಟ್?” ಅಂತ ಕೇಳುತ್ತಿದ್ದ. ಇವನಿಗೆ ಕಿವಿ ಮಂದ ಅಂದುಕೊಂಡಿದ್ದೆ. ಅವನ ಕಿವಿಗೆ ಪೂರ್ತಿ ಸ್ವರ ಅಂದರೆ ‘ಆಗೋದಿಲ್ಲ’. ನಾನು ಎಷ್ಟು ಸ್ಪಷ್ಟ ಮಾಡಿದರೆ ಅವನಿಗೆ ಅಷ್ಟು ಗೊಂದಲ. ಈಗ ‘ಆಗುತ್ತೆ’ ಅನ್ನುವಾಗ ‘ವೀ ಕನ್ ಸೆಂಡ್’ ಅಂತ ಭಾರವನ್ನು ‘ಸೆಂಡ್’ ಮೇಲೆ ಹಾಕುತ್ತೇನೆ. ‘ಆಗಲ್ಲ’ ಅನ್ನುವಾಗ ‘ಕ್ಯಾನಾಟ್’ ಅಂತ ಬಿಡಿಸಿಯೇ ಹೇಳುತ್ತೇನೆ. ಸ್ವಲ್ಪ ಪುಸ್ತಕದ ಥರ ಕೇಳಿಸುತ್ತದೆ, ಕೇಳಿಸಲಿ ಬಿಡಿ.

ಪೆಟ್ಟಿನ ಲೆಕ್ಕ ಕೈಕೊಡುವ ಜಾಗಗಳೂ ಇವೆ. ವಾಕ್ಯದ ಕೊನೆಯಲ್ಲಿ, ‘ಯೆಸ್, ವೀ ಕ್ಯಾನ್’ ಅನ್ನುವ ಕಡೆ, ಕ್ಯಾನ್ ಪೂರ್ತಿಯೇ ಬರುತ್ತದೆ. ‘ತಗೊಳ್ಳೋಕೇನೋ ಆಗುತ್ತೆ, ಆದರೆ...’ ಅಂತ ಒತ್ತಿ ಹೇಳುವಾಗಲೂ ಪೂರ್ತಿ. ಅಲ್ಲಿ ಹಿಂದುಮುಂದಿನ ಮಾತೇ ಆಧಾರ. ಇಂಗ್ಲೆಂಡಿನ ಗಿರಾಕಿಗಳ ಹತ್ತಿರ ಈ ಕಷ್ಟ ಕಡಿಮೆ. ಅಲ್ಲಿ ಹೆಚ್ಚಿನವರು ‘ಕಾಂಟ್’ ಅಂತ ದೀರ್ಘ ‘ಆ’ ಹಾಕುತ್ತಾರೆ, ‘ಟ್’ ಹಾರಿದರೂ ಸ್ವರವೇ ಹೇಳಿಬಿಡುತ್ತದೆ.

ತಾರೀಖು, ದುಡ್ಡಿನ ಮಾತು ಬಂದರೆ ಈಗಲೂ ನಾನು ಕಿವಿಯನ್ನು ನಂಬುವುದಿಲ್ಲ. “ಸೋ, ನಾಟ್ ಬಿಫೋರ್ ದ ಟ್ವೆಲ್ತ್?” ಅಂತ ಕ್ಯಾನ್ ಇಲ್ಲದ ಮಾತಿನಲ್ಲಿ ತಿರುಗಿಸಿ ಕೇಳುತ್ತೇನೆ, ಮೀಟಿಂಗ್ ಮುಗಿದ ಕೂಡಲೇ ಮೇಲ್ ಹಾಕುತ್ತೇನೆ. ಹೊಸ ಕಂತಿನ 14ನೇ ತುಣುಕು ಮಾತ್ರ ಇನ್ನೂ ಬಗೆಹರಿದಿಲ್ಲ. ‘ಐ ಕ್ಯಾಂಟ್ ಟೆಲ್ ಯೂ’ ಅಂತ ಒಬ್ಬ ಹೆಂಗಸು ನಗುತ್ತಾ ಗಡಿಬಿಡಿಯಲ್ಲಿ ಅನ್ನುತ್ತಾಳೆ. ಉತ್ತರ ಗೊತ್ತಿದೆ, ಆದರೂ ಮೇಜಿನ ಮೇಲೆ ನನ್ನ ಬೆರಳು ಒಂದೇ ಪೆಟ್ಟು ಹಾಕುತ್ತದೆ.