ಸಂಬಳ ಏಳಕ್ಕೆ, ಕಂತು ಐದಕ್ಕೆ: ನಮ್ಮನೆ ದುಡ್ಡಿನ ಕ್ಯಾಲೆಂಡರ್ ಸರಿಮಾಡಿದ್ದು

ನಾನಿರೋದು ತುಮಕೂರಿನ ಕ್ಯಾತ್ಸಂದ್ರದಲ್ಲಿ, ಕೆಲಸ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ. ಸಂಬಳ 38,000, ಪ್ರತಿ ತಿಂಗಳು 7ಕ್ಕೆ. ಆದರೆ ಬಾಡಿಗೆ 8,000 ಮತ್ತು ಬೈಕ್ ಕಂತು 3,900 ಎರಡೂ 5ನೇ ತಾರೀಖಿಗೆ. ಅಂದರೆ ತಿಂಗಳಲ್ಲಿ ಜೇಬು ಪೂರ್ತಿ ಖಾಲಿ ಇರೋ ಹೊತ್ತಿಗೆ ಸರಿಯಾಗಿ ಸುಮಾರು 12,000 ಹೊಂದಿಸಬೇಕು. ಇದು ಸಂಬಳ ಸಾಕಾಗದ ಸಮಸ್ಯೆ ಅಲ್ಲ, ಬರೀ ಎರಡು ದಿನದ ಸಮಸ್ಯೆ.

ಮೊದಲು ಅರ್ಥ ಮಾಡ್ಕೋಬೇಕಾದ್ದು ಒಂದಿದೆ. ಕಂತು ಕಡಿತಕ್ಕೆ ಭಾನುವಾರ ಇಲ್ಲ. ಖಾತೆಯಿಂದ ಕಂತನ್ನ ತಾನಾಗೇ ಕಡಿಯೋ ನ್ಯಾಚ್ ಅನ್ನೋ ವ್ಯವಸ್ಥೆ 2021ರ ಆಗಸ್ಟ್‌ನಿಂದ ವಾರದ ಏಳೂ ದಿನ ನಡೆಯುತ್ತೆ. ಸಂಬಳ ಕಳಿಸೋ ನೆಫ್ಟ್ ಕೂಡ ರಜಾ ನೋಡಲ್ಲ, ಆದರೆ ನಮ್ಮ ಫ್ಯಾಕ್ಟರಿಯ ಅಕೌಂಟ್ಸ್‌ನವರು ಭಾನುವಾರ ಬರಲ್ಲ ಅಲ್ವಾ? ಹಾಗಾಗಿ 7 ಭಾನುವಾರ ಬಿದ್ದರೆ ಸಂಬಳ 8ಕ್ಕೆ, ಸೋಮವಾರವೂ ಹಬ್ಬ ಇದ್ದರೆ 9ಕ್ಕೆ. ಹೋಗೋ ದುಡ್ಡು ಮಾತ್ರ ಯಾವ ರಜಾನೂ ತಗೊಳ್ಳಲ್ಲ.

ಹಾಗಾಗಿ ನಮ್ಮನೆ ತಿಂಗಳನ್ನ 1ರಿಂದ ಲೆಕ್ಕ ಹಾಕೋದು ಬಿಟ್ಟು, 7ರಿಂದ ಮುಂದಿನ 6ರವರೆಗೆ ಅಂತ ಮಾಡಿದೆವು. ಅಡುಗೆಮನೆ ಗೋಡೆ ಕ್ಯಾಲೆಂಡರ್‌ನಲ್ಲೇ ಬರೋದು ಹಸಿರು, ಹೋಗೋದು ಕೆಂಪು. ಹಸಿರಿಗಿಂತ ಮುಂಚೆ ಇದ್ದ ಕೆಂಪು ಗುರುತುಗಳನ್ನ ಒಂದೊಂದಾಗಿ ಆಚೆ ತಳ್ಳಿದ್ದೇ ನಿಜವಾದ ಕೆಲಸ.

ಬಾಡಿಗೆ ಸುಲಭವಾಗಿ ಮುಗೀತು. ಓನರ್ ಆಂಟಿ ಹತ್ರ ಹೋಗಿ, "ಆಂಟಿ, 5ರ ಬದಲು 8ಕ್ಕೆ ಕೊಡ್ತೀನಿ, ಆದರೆ 8 ಅಂದರೆ 8" ಅಂದೆ. "ನಂದೂ ಚೀಟಿ ಕಟ್ಟೋದು 10ಕ್ಕೆ ಕಣಪ್ಪಾ, ಅದರೊಳಗೆ ಕೊಟ್ಟುಬಿಡು" ಅಂದರು.

ಬೈಕ್ ಸಾಲಕ್ಕೆ ಜಾಸ್ತಿ ಓಡಾಡಬೇಕಾಯ್ತು. ಫೈನಾನ್ಸ್‌ನವರಿಗೆ ತಮ್ಮದೇ ತಾರೀಖುಗಳಿರುತ್ತವೆ, ನಾವು ಕೇಳಿದ ದಿನ ಕೊಡಲ್ಲ. ನನ್ನದಕ್ಕೆ 10 ಸಿಕ್ತು. ಅರ್ಜಿ, ಖಾತೆಯಿಂದ ಕಂತು ಕಡಿಯೋಕೆ ಒಪ್ಪಿಗೆ ಕೊಡೋ ಹೊಸ ಮ್ಯಾಂಡೇಟ್‌ಗೆ ಸಹಿ, ಜೊತೆಗೆ ಮಧ್ಯದ ಐದು ದಿನದ ಬಡ್ಡಿ. ಇಲ್ಲಿ ಒಂದು ಹುಷಾರು: ಹೊಸ ಮ್ಯಾಂಡೇಟ್ ನೋಂದಣಿ ಆಗೋಕೆ ದಿನ ಹಿಡಿಯುತ್ತೆ, ಅಲ್ಲಿವರೆಗೆ ಹಳೇದೇ ನಡೀತಿರುತ್ತೆ. ಅರ್ಜಿ ಕೊಟ್ಟ ತಿಂಗಳು ಹಳೇ ತಾರೀಖಿಗೂ ದುಡ್ಡು ಇಟ್ಟಿರಿ. ಬ್ಯಾಂಕ್ ಆ್ಯಪ್‌ನ ಮ್ಯಾಂಡೇಟ್ ಪಟ್ಟಿಯಲ್ಲಿ ಹೊಸದು ಕಾಣಿಸೋವರೆಗೂ ಕೌಂಟರ್‌ನಲ್ಲಿ ಹೇಳಿದ "ಆಯ್ತು ಸರ್" ನಂಬಬೇಡಿ.

ಪರ್ಸನಲ್ ಲೋನ್ ಕಂತು 6,500 ಮೊದಲಿಂದಲೂ 10ಕ್ಕೇ ಇತ್ತು. ಈಗ ಎರಡೂ ಸೇರಿ 10,400, ಎರಡೂ ಇನ್ನೊಂದು ಉಳಿತಾಯ ಖಾತೆಯಿಂದ ಹೋಗುತ್ತವೆ. ಆ ಖಾತೆಗೆ ಯುಪಿಐ ಜೋಡಿಸಿಲ್ಲ, ಕಾರ್ಡ್ ಮನೆಯಲ್ಲೇ ಇರುತ್ತೆ. ಸಂಬಳದ ಖಾತೆಯಿಂದ 9ಕ್ಕೆ ತಾನಾಗೇ ಅಲ್ಲಿಗೆ ಹೋಗೋ ಹಾಗೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಟ್ಟಿದ್ದೀನಿ. 10ರ ಬೆಳಗ್ಗೆ ಹಾಕಿದರಾಯ್ತು ಅನ್ನೋ ಹಾಗಿಲ್ಲ, ಎಷ್ಟೋ ಸಲ ಬೆಳಗ್ಗೆ ಏಳೋ ಹೊತ್ತಿಗೇ ಕಡಿತಕ್ಕೆ ಬಂದಿರುತ್ತೆ. ಸಂಬಳ 9ಕ್ಕೆ ತಳ್ಳಿಹೋಗೋ ತಿಂಗಳು ಆ ಇನ್‌ಸ್ಟ್ರಕ್ಷನ್ ಫೇಲ್ ಆಗಬಹುದು, ಅವತ್ತು ರಾತ್ರಿ ನಾನೇ ಕಳಿಸಬೇಕು. ಅಂಥ ತಿಂಗಳುಗಳಿಗೆ ಕ್ಯಾಲೆಂಡರ್‌ನಲ್ಲಿ ಮೊದಲೇ ಸುತ್ತು ಹಾಕಿಟ್ಟಿರ್ತೀನಿ.

ಆ ಖಾತೆಯಲ್ಲಿ 500 ರೂಪಾಯಿ ಜಾಸ್ತಿ ಇಟ್ಟಿರೋದಕ್ಕೂ ಕಾರಣ ಇದೆ. ಎಸ್‌ಎಂಎಸ್ ಚಾರ್ಜ್ ಅಂತ ಯಾವಾಗಲೋ ಹದಿನೈದೋ ಇಪ್ಪತ್ತೋ ಹೋಗಿರುತ್ತೆ, ನಮಗೆ ಗೊತ್ತೇ ಆಗಲ್ಲ. ಕಂತಿಗೆ ಐದು ರೂಪಾಯಿ ಕಮ್ಮಿ ಇದ್ದರೂ ಇದ್ದಷ್ಟು ತಗೊಂಡು ಹೋಗಲ್ಲ, ಪೂರ್ತಿ ಬೌನ್ಸ್. ಆಗ ಬ್ಯಾಂಕಿನವರದೊಂದು ದಂಡ, ಸಾಲ ಕೊಟ್ಟವರದೊಂದು ದಂಡ, ಮೇಲೆ ಜಿಎಸ್‌ಟಿ.

ಇನ್ನು ಉಳಿತಾಯ. ಪೋಸ್ಟ್ ಆಫೀಸ್ ಆರ್‌ಡಿ 2,000. ಅದನ್ನ ತೆರೆದಿದ್ದು 15ರ ಒಳಗೆ, ಹಾಗಾಗಿ ಪ್ರತಿ ತಿಂಗಳೂ 15ರೊಳಗೆ ಕಟ್ಟಬೇಕು. ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ನಾವು 12ಕ್ಕೆ ಇಟ್ಟುಕೊಂಡಿದ್ದೀವಿ. ಚೀಟಿ 3,000 15ಕ್ಕೆ.

ಮಗಳ ಸುಕನ್ಯಾ ಖಾತೆಗೆ 1,500. ನನಗೆ ತುಂಬ ಇಷ್ಟವಾದ ಲೆಕ್ಕ ಇದೇ. ಸುಕನ್ಯಾದಲ್ಲಿ ಬಡ್ಡಿ ಹಾಕೋದು 5ನೇ ತಾರೀಖು ಮುಗಿದ ಮೇಲಿಂದ ತಿಂಗಳ ಕೊನೆವರೆಗೆ ಇರೋ ಅತಿ ಕಡಿಮೆ ಬ್ಯಾಲೆನ್ಸ್ ಮೇಲೆ. ಸಂಬಳ ಬಂದ 7ಕ್ಕೇ ಕಟ್ಟಿದರೂ ಆ ತಿಂಗಳ ಬಡ್ಡಿ ಹೇಗೂ ಸಿಗಲ್ಲ, ಮುಂದಿನ ತಿಂಗಳಿಂದಲೇ ಶುರು. ಮುಂದಿನ ತಿಂಗಳು 3ಕ್ಕೋ 4ಕ್ಕೋ ಕಟ್ಟಿದರೂ ಬಡ್ಡಿ ಅಷ್ಟೇ. ಹಾಗಾಗಿ ಆ 1,500 ಅಲ್ಲಿವರೆಗೂ ಕಂತಿನ ಖಾತೆಯಲ್ಲೇ ಆಸರೆಯಾಗಿ ಕೂತಿರುತ್ತೆ. ಮಾರ್ಚ್‌ನಲ್ಲಿ ಮಾತ್ರ ಬೇರೆ ಲೆಕ್ಕ: ತೆರಿಗೆಗೆ ಆ ವರ್ಷದ್ದು ಅಂತ ತೋರಿಸಬೇಕಿದ್ದರೆ 31ರೊಳಗೇ ಕಟ್ಟಿಬಿಡಿ.

ಎಲ್ಲ ಕಳೆದರೆ ಮನೆ ಖರ್ಚಿಗೆ 13,100 ಉಳಿಯುತ್ತೆ, ಮೇಲೆ ಹೆಂಡತಿಯ ಹೊಲಿಗೆ ದುಡ್ಡು. ಅದು ಯಾವಾಗ ಬರುತ್ತೋ ಹೇಳೋಕಾಗಲ್ಲ, ಅದಕ್ಕೇ ಕ್ಯಾಲೆಂಡರ್‌ನಲ್ಲಿ ಬರೆದಿಲ್ಲ. ಜೂನ್‌ನ ಸ್ಕೂಲ್ ಫೀಸು, ಬೈಕ್ ಇನ್ಶೂರೆನ್ಸ್ ಅದರಲ್ಲೇ ಆಗಬೇಕು.

ಸಂಬಳವೇ 12ಕ್ಕೋ 15ಕ್ಕೋ ಹೋದರೆ ಈ ಹೊಂದಾಣಿಕೆ ಯಾವುದೂ ನಿಲ್ಲಲ್ಲ. ಅದಕ್ಕೆ ಒಂದು ತಿಂಗಳ ಕಂತು, 10,400, ಆ ಖಾತೆಯಲ್ಲಿ ಸದಾ ಇರಬೇಕು. ಈ ಸಲದ ಚೀಟಿ ದುಡ್ಡನ್ನ ಅದಕ್ಕೇ ಅಂತ ಇಟ್ಟಿದ್ದೀವಿ. ಹೆಂಡತಿಗೆ ಮಾತ್ರ ಅದರಲ್ಲಿ ಓವರ್‌ಲಾಕ್ ಮಷೀನ್ ತಗೋಬೇಕು ಅಂತಿದೆ, ಮಾತುಕತೆ ಇನ್ನೂ ಮುಗಿದಿಲ್ಲ.